ಆ 2 ಅಂದರೆ ಏನು?

ಪ್ರಬಂಧಕ್ಕೆ ಡೇಟಾ ತರುವ ಪಿಜಿ ವಿದ್ಯಾರ್ಥಿಗಳು ಕುಳಿತ ತಕ್ಷಣ ಕೇಳುವುದು ಒಂದೇ: "ಸರ್, ಯಾವ ಟೆಸ್ಟ್ ಹಾಕಲಿ?" ಮೊನ್ನೆ ಬಂದ ಹುಡುಗಿ ಟೆಸ್ಟ್ ಹಾಕಿಕೊಂಡೇ ಬಂದಿದ್ದಳು. ಗರ್ಭಿಣಿಯರ ಉದ್ಯೋಗಕ್ಕೂ ಹಿಮೋಗ್ಲೋಬಿನ್‌ಗೂ ಕೋರಿಲೇಷನ್, ಅಂದರೆ ಎರಡು ಅಳತೆಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಲೆಕ್ಕ. ಉದ್ಯೋಗದ ಕಾಲಂನಲ್ಲಿ 1, 2, 3 ಅಂತ ಇತ್ತು.

"ಈ 2 ಅಂದರೆ ಏನಮ್ಮ?"

"ಕೂಲಿ, ಸರ್. 1 ಮನೆಕೆಲಸ, 3 ನೌಕರಿ."

ಈ ತಪ್ಪು ವಾರಕ್ಕೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತದೆ. ಆ 2 ಅಳತೆಯಲ್ಲ, ಸುಮ್ನೆ ಹೆಸರು. ಆದರೆ ಸಾಫ್ಟ್‌ವೇರ್‌ಗೆ ಅದು ಗೊತ್ತಾಗುವುದಿಲ್ಲ. ಮನೆಕೆಲಸಕ್ಕಿಂತ ಕೂಲಿ ಒಂದು ಮೆಟ್ಟಿಲು ಮೇಲೆ, ಕೂಲಿಗಿಂತ ನೌಕರಿ ಇನ್ನೊಂದು ಮೆಟ್ಟಿಲು ಮೇಲೆ ಅಂತಲೇ ಅದು ಲೆಕ್ಕ ಮಾಡುತ್ತದೆ.

ಅವಳಿಗೆ ಒಂಬತ್ತು ಜನರ ಲೆಕ್ಕ ಬರೆದು ತೋರಿಸಿದೆ. ಮನೆಕೆಲಸದವರ ಹಿಮೋಗ್ಲೋಬಿನ್ 10, 11, 12. ಕೂಲಿಯವರದು 9, 10, 11. ನೌಕರಿಯವರದು 11, 12, 13. ಅವಳ ಕೋಡ್‌ನಂತೆ ಕೋರಿಲೇಷನ್ 0.35 ಬಂತು. ಕೂಲಿಗೂ ನೌಕರಿಗೂ ಕೋಡ್ ಅದಲುಬದಲು ಮಾಡಿದೆವು, −0.35 ಆಯಿತು. ಆಮೇಲೆ ಕೂಲಿಗೆ 1, ಮನೆಕೆಲಸಕ್ಕೆ 2, ನೌಕರಿಗೆ 3 ಕೊಟ್ಟೆವು. ಈಗ 0.71. ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಆಕಸ್ಮಿಕವಾಗಿ ಬರುವ ಸಾಧ್ಯತೆ, ಅಂದರೆ ಪಿ ಮೌಲ್ಯ, ಬರೀ 0.03! ರಕ್ತ ಅದೇ, ಜನ ಅವರೇ. ಬದಲಾಗಿದ್ದು ನಾವು ಕೊಟ್ಟ ನಂಬರ್ ಮಾತ್ರ.

ಅದೇ ಒಂಬತ್ತು ಜನರಿಗೆ ಗುಂಪುಗಳ ಸರಾಸರಿ ಹೋಲಿಸುವ ಅನೋವಾ ಮಾಡಿದರೆ ಅದರ ಅಂಕೆ ಎಫ್ 3, ಪಿ ಮೌಲ್ಯ 0.125. ಕೋಡ್ ಹೇಗೆ ಬದಲಾಯಿಸಿದರೂ ಅಷ್ಟೇ. ಅನೋವಾ ಆ ನಂಬರನ್ನು ಗುಂಪಿನ ಹೆಸರಾಗಿ ಮಾತ್ರ ಓದುತ್ತದೆ.

ಹಾಗಾಗಿ ನಾನು ಮೊದಲು ನೋಡುವುದು ಕಾಲಂನ ಸ್ವಭಾವ. ಒಂದು ಕಡೆ ಗುಂಪು, ಇನ್ನೊಂದು ಕಡೆ ಅಳತೆ ಇದ್ದರೆ ಸರಾಸರಿಗಳ ಹೋಲಿಕೆ: ಎರಡು ಗುಂಪಿಗೆ ಟಿ-ಟೆಸ್ಟ್, ಜಾಸ್ತಿ ಇದ್ದರೆ ಅನೋವಾ. ಎರಡೂ ಕಡೆ ಗುಂಪೇ ಆದರೆ, ಅಂದರೆ ಉದ್ಯೋಗ ಮತ್ತು 'ಮಾತ್ರೆ ತಗೊಂಡರಾ, ಇಲ್ವಾ', ಆಗ ಕೈ-ಸ್ಕ್ವೇರ್. ಎರಡೂ ಅಳತೆಯಾದರೆ, ಉದಾಹರಣೆಗೆ ವಯಸ್ಸು ಮತ್ತು ಹಿಮೋಗ್ಲೋಬಿನ್, ಕೋರಿಲೇಷನ್. ಅದಕ್ಕೂ ಮೊದಲು ಚುಕ್ಕೆ ಚಿತ್ರ ಹಾಕಿ ನೋಡಬೇಕು, ಸಂಬಂಧ ಬಾಗಿದ್ದರೆ ಮಾಮೂಲಿ ಪಿಯರ್ಸನ್ ಕೋರಿಲೇಷನ್ ಮೋಸ ಮಾಡುತ್ತದೆ. ಅಲ್ಪ, ಮಧ್ಯಮ, ತೀವ್ರ ಅಂತ ಕ್ರಮ ಇರುವ ಕೋಡ್‌ಗಳಿಗೆ ಸ್ಪಿಯರ್‌ಮನ್ ಕೋರಿಲೇಷನ್ ಬಳಸಬಹುದು. ಉದ್ಯೋಗಕ್ಕೆ ಅಂಥ ಕ್ರಮ ಇಲ್ಲ.

ಟೆಸ್ಟ್ ಸರಿಯಾದರೂ ಷರತ್ತು ನೋಡಬೇಕು. ಅನೋವಾದಲ್ಲಿ ಗುಂಪುಗಳ ಹರಡುವಿಕೆ ತೀರಾ ಬೇರೆಯಾಗಿದ್ದರೆ, ಅದರಲ್ಲೂ ಗುಂಪಿನ ಗಾತ್ರವೂ ಬೇರೆಯಾದರೆ, ವೆಲ್ಚ್ ವಿಧಾನ ಮೇಲು. ಕೈ-ಸ್ಕ್ವೇರ್‌ಗೆ ಶೇಕಡಾ ಹಾಕಬಾರದು, ತಲೆ ಎಣಿಕೆಯನ್ನೇ ಹಾಕಬೇಕು. ನಿರೀಕ್ಷಿತ ಎಣಿಕೆ 5ಕ್ಕಿಂತ ಕಡಿಮೆ ಇರುವ ಚೌಕಗಳು ಕೋಷ್ಟಕದಲ್ಲಿ ಹೆಚ್ಚಿದ್ದರೆ ಫಿಶರ್ ಟೆಸ್ಟ್.

"ಹಾಗಾದರೆ 0.125 ಅಂದರೆ ಉದ್ಯೋಗಕ್ಕೂ ರಕ್ತಕ್ಕೂ ಸಂಬಂಧ ಇಲ್ಲ ಅಂತ ಬರೀಲಾ, ಸರ್?" ಅಂದಳು. ಒಂಬತ್ತು ಜನರಿಂದ ಹಾಗೆ ಬರೆಯಲಾಗದು ಅಂದೆ. ಅವಳ ಶೀಟಿನಲ್ಲಿ 1, 2, 3 ಅಳಿಸಿ ಉದ್ಯೋಗದ ಹೆಸರುಗಳನ್ನೇ ಟೈಪ್ ಮಾಡಿಸಿ, ಅನೋವಾ ಅಲ್ಲೇ ಶುರು ಮಾಡಿಸಿದೆ.