ಬಾಗಿಲು ಹಾಕಿದಳೋ, ಒಂದೊಂದಾಗಿ ಬಿಗಿದಳೋ?

ಅರಬ್ಬಿಯಲ್ಲಿ ‘ಕಸರ’ ಅಂದರೆ ಮುರಿದ. ನಡುವಿನ ಅಕ್ಷರಕ್ಕೆ ಒತ್ತು ಕೊಟ್ಟು ‘ಕಸ್ಸರ’ ಎಂದರೆ ಚೂರುಚೂರು ಮಾಡಿದ. ಮೂಲ ವ್ಯಂಜನಗಳು ಅವೇ ಮೂರು: ಕ, ಸ, ರ. ಅರಬ್ಬಿಯ ಹೆಚ್ಚಿನ ಕ್ರಿಯಾಪದಗಳು ಹೀಗೆ ಮೂರು ವ್ಯಂಜನಗಳ ಮೇಲೆ ನಿಂತಿವೆ. ಅವನ್ನು ಬೇರೆಬೇರೆ ಅಚ್ಚುಗಳಿಗೆ ಹಾಕಿದರೆ ಅರ್ಥದ ಬಣ್ಣ ಬದಲಾಗುತ್ತದೆ. ಪಾಶ್ಚಾತ್ಯ ವಿದ್ವಾಂಸರು ಈ ಅಚ್ಚುಗಳಿಗೆ ರೋಮನ್ ಅಂಕಿ ಕೊಟ್ಟಿದ್ದಾರೆ. ಮೊದಲನೆಯದು ಸಾದಾ ರೂಪ, ಒತ್ತಿನದು ಎರಡನೆಯ ರೂಪ, ಹೀಗೆ ಸಾಮಾನ್ಯವಾಗಿ ಹತ್ತರವರೆಗೆ.

ಇಂಗ್ಲಿಷಿನಲ್ಲಿ ಇಂಥ ಅಚ್ಚುಗಳಿಲ್ಲ. ಕಸರ, ಕಸ್ಸರಗಳಿಗೆ ‘ಬ್ರೋಕ್’, ‘ಸ್ಮ್ಯಾಶ್ಡ್’ ಎಂಬ ಜೋಡಿ ಸಿಕ್ಕಿದ್ದು ಅನುವಾದಕರ ಅದೃಷ್ಟ. ಜೋಡಿ ಸಿಗದಿದ್ದಾಗ ಒಂದೆರಡು ಪದ ಜಾಸ್ತಿ ಸೇರಿಸಬೇಕು, ಇಲ್ಲವೇ ಸುಮ್ನೆ ಬಿಟ್ಟುಬಿಡಬೇಕು. ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಎಂದು ನೋಡಲು ಕುರಾನಿನ 12ನೇ ಅಧ್ಯಾಯದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅದು ಯೂಸುಫರ ಕಥೆ. ಬೈಬಲ್ಲಿನಲ್ಲಿ ಇವರೇ ಜೋಸೆಫ್.

ಈಜಿಪ್ಟಿನಲ್ಲಿ ಯೂಸುಫ್ ಇದ್ದ ಮನೆಯ ಒಡತಿ ಅವರ ಮೇಲೆ ಕಣ್ಣು ಹಾಕುತ್ತಾಳೆ. 23ನೇ ವಚನದಲ್ಲಿ ಅವಳು ಬಾಗಿಲು ಹಾಕುತ್ತಾಳೆ. ಬಾಗಿಲು ಮುಚ್ಚುವುದಕ್ಕೆ ಅರಬ್ಬಿಯ ಮಾಮೂಲಿ ಪದ ‘ಅಗ್ಲಕ’. ಇಲ್ಲಿರುವುದು ಅದಲ್ಲ, ಒತ್ತಿರುವ ‘ಗಲ್ಲಕ’. 1930ರ ಇಂಗ್ಲಿಷ್ ಅನುವಾದದಲ್ಲಿ ಪಿಕ್ತಾಲ್ ಇದನ್ನು ‘ಬೋಲ್ಟೆಡ್’ ಎಂದರು, ಅಂದರೆ ಚಿಲಕ ಜಡಿದಳು. ಇನ್ನೊಬ್ಬ ಅನುವಾದಕ ಯೂಸುಫ್ ಅಲಿ ‘ಫಾಸನ್ಡ್’ ಎಂದರು, ಅಂದರೆ ಭದ್ರ ಮಾಡಿದಳು. 1955ರಲ್ಲಿ ಆರ್ಬೆರಿ ಬರೀ ‘ಕ್ಲೋಸ್ಡ್’ ಎಂದು ಮುಂದೆ ಹೋದರು.

ಯಾರು ಸರಿ? ಎರಡನೆಯ ರೂಪಕ್ಕೆ ಇಂಗ್ಲಿಷ್ ವ್ಯಾಕರಣಗಳು ಕೊಟ್ಟ ಹೆಸರು ‘ಇಂಟೆನ್ಸಿವ್’. ಆ ಹೆಸರು ಕೇಳಿದರೆ ಕೆಲಸ ಜೋರಾಗಿ ನಡೆಯಿತು ಅನಿಸುತ್ತದೆ. ಅರಬ್ಬಿ ವ್ಯಾಕರಣಕಾರರ ಹೆಸರು ‘ತಕ್ಥೀರ್’. ಅಂದರೆ ಹೆಚ್ಚಾಗಿಸುವುದು, ಹಲವಾಗಿಸುವುದು. 8ನೇ ಶತಮಾನದ ವ್ಯಾಕರಣಕಾರ ಸೀಬವೈಹಿ ಕಸರ, ಕಸ್ಸರಗಳ ವ್ಯತ್ಯಾಸವನ್ನು ಹೀಗೇ ವಿವರಿಸುತ್ತಾರೆ: ಕೆಲಸ ಹಲವು ಸಲ ಆಯಿತು ಎನ್ನಬೇಕಾದಾಗ ಒತ್ತು. ಹಾಗೆ ಓದಿದರೆ ‘ಗಲ್ಲಕ’ದಲ್ಲಿ ಕಾಣುವುದು ಚಿಲಕದ ಬಿಗಿಗಿಂತ ಹೆಚ್ಚಾಗಿ ಅವಳ ಓಡಾಟ. ಒಂದು ಬಾಗಿಲು, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಏಳು ಬಾಗಿಲುಗಳಿದ್ದವು ಎಂದು ಹಳೆಯ ವ್ಯಾಖ್ಯಾನಗಳಲ್ಲಿ ಬರುವುದೂ ಇದೇ ಜಾಡಿನಲ್ಲಿ. ಬಿಗಿಯಾಗಿ ಹಾಕಿದಳು ಎನ್ನುವ ಓದೂ ಇದೆ, ತಪ್ಪೇನಲ್ಲ. ಆದರೆ ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಪದದಲ್ಲಿ ಹಿಡಿಯಲಾಗದು. ಪಿಕ್ತಾಲ್ ಬಿಗಿಯನ್ನು ಉಳಿಸಿಕೊಂಡು ಓಡಾಟವನ್ನು ಬಿಟ್ಟರು. ಕನ್ನಡದಲ್ಲಾದರೆ ‘ಒಂದೊಂದಾಗಿ ಬಾಗಿಲು ಬಿಗಿದಳು’ ಎಂದು ತಕ್ಕಮಟ್ಟಿಗೆ ಪಾರಾಗಬಹುದು.

‘ಇಂಟೆನ್ಸಿವ್’ ಎಂಬ ಹೆಸರನ್ನೇ ನಂಬಿದರೆ ಎಲ್ಲಿ ಎಡವುತ್ತೇವೆ ಎನ್ನುವುದು 31ನೇ ವಚನದಲ್ಲಿ ಗೊತ್ತಾಗುತ್ತದೆ. ಊರ ಹೆಂಗಸರು ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿದ ಒಡತಿ ಅವರನ್ನು ಊಟಕ್ಕೆ ಕರೆದು, ಒಬ್ಬೊಬ್ಬರ ಕೈಗೂ ಒಂದೊಂದು ಚಾಕು ಕೊಡುತ್ತಾಳೆ. ಯೂಸುಫರನ್ನು ನೋಡಿ ಮೈಮರೆತ ಅವರು ತಮ್ಮ ಕೈಯನ್ನೇ ಕೊಯ್ದುಕೊಳ್ಳುತ್ತಾರೆ. ಕ್ರಿಯಾಪದ ‘ಕತಅ’ದ ಒತ್ತಿನ ರೂಪವಾದ ‘ಕತ್ತಅ’. ಅದೇ ಕುರಾನಿನ 5ನೇ ಅಧ್ಯಾಯದ 38ನೇ ವಚನದಲ್ಲಿ ಕಳ್ಳತನಕ್ಕೆ ಕೈ ಕತ್ತರಿಸುವ ಶಿಕ್ಷೆ ಬರುತ್ತದೆ. ಅಲ್ಲಿ ಇರುವುದು ಒತ್ತಿಲ್ಲದ ಸಾದಾ ರೂಪ! ಕೈಯೇ ಹೋಗುವ ಕಡೆ ಸಾದಾ ರೂಪ, ಬೆರಳು ಗಾಯವಾಗುವ ಕಡೆ ‘ತೀವ್ರ’ ರೂಪ. ವಿಚಿತ್ರ ಅಲ್ವಾ?

ಎಣಿಕೆಯ ಕಡೆಯಿಂದ ನೋಡಿದರೆ ವಿಚಿತ್ರವೇನಿಲ್ಲ. ಹಲವು ಹೆಂಗಸರು, ಹಲವು ಕೈಗಳು, ಹಲವು ಗೀರುಗಳು. ಗಾಯ ಎಷ್ಟು ಆಳ ಎಂದು ಒತ್ತು ಹೇಳುವುದಿಲ್ಲ, ಅದನ್ನು ಸಂದರ್ಭ ಹೇಳಬೇಕು. 7ನೇ ಅಧ್ಯಾಯದಲ್ಲಿ ಈಜಿಪ್ಟಿನ ದೊರೆ ಫರೋಹ ಮಾಂತ್ರಿಕರಿಗೆ ಕೈಕಾಲು ಕಡಿಸುತ್ತೇನೆ ಎಂದು ಬೆದರಿಸುವಾಗಲೂ ಇದೇ ಒತ್ತಿನ ರೂಪ ಬರುತ್ತದೆ. ಅಲ್ಲಿ ಅದು ನಿಜಕ್ಕೂ ಕಡಿಯುವುದೇ. ಪಿಕ್ತಾಲ್, ಆರ್ಬೆರಿ ಇಬ್ಬರೂ ಹೆಂಗಸರ ಪ್ರಸಂಗಕ್ಕೆ ಸಾದಾ ‘ಕಟ್’ ಬಳಸಿದ್ದು ಜಾಣತನ. ಹಲವೆಂಬ ಅರ್ಥ ಮಸುಕಾಯಿತು ನಿಜ, ಆದರೆ ಇಲ್ಲದ ರಕ್ತಪಾತ ಒಳಗೆ ಬರಲಿಲ್ಲ.

ಒತ್ತು ಕಂಡಲ್ಲೆಲ್ಲ ಹಲವು ಎಂದುಕೊಳ್ಳುವ ಹಾಗೂ ಇಲ್ಲ. ‘ಅಲಿಮ’ ಎಂದರೆ ತಿಳಿದ. ‘ಅಲ್ಲಮ’ ಎಂದರೆ ತಿಳಿಸಿದ, ಕಲಿಸಿದ. ಕನ್ನಡದ ‘ಇಸು’ ಮಾಡುವ ಕೆಲಸವನ್ನು ಇಲ್ಲಿ ಒತ್ತು ಮಾಡುತ್ತದೆ. ಮುರಿ, ಕೊಯ್ಯಿ, ಕೊಲ್ಲು ಥರದ ಕ್ರಿಯೆಗಳಲ್ಲಿ ಒತ್ತು ಹೆಚ್ಚಾಗಿ ಹಲವನ್ನು ಸೂಚಿಸುತ್ತದೆ.

ಇನ್ನು ಒತ್ತಿನ ಬದಲು ದೀರ್ಘ. ‘ಕತಲ’ ಎಂದರೆ ಕೊಂದ. ಮೊದಲ ಅಕ್ಷರ ಎಳೆದು ‘ಕಾತಲ’ ಎಂದರೆ ಒಬ್ಬರ ಮೇಲೆ ಹೋರಾಡಿದ. ಯಾರೂ ಸಾಯದೆ ಇರಬಹುದು. ಇದು ಮೂರನೆಯ ರೂಪ. ಎದುರಿಗೊಬ್ಬರಿದ್ದಾರೆ, ಪ್ರಯತ್ನ ಅವರತ್ತ ಸಾಗಿದೆ, ಫಲಿತಾಂಶದ ಮಾತಿಲ್ಲ. ಮುಂದೆ ‘ತ’ ಸೇರಿಸಿ ‘ತಕಾತಲ’ ಎಂದರೆ ಇಬ್ಬರೂ ಕರ್ತೃಗಳು, ಪರಸ್ಪರ ಕಾದಾಡಿದರು. ಇದು ಆರನೆಯದು. ಕನ್ನಡದ ಹೊಡೆ, ಹೊಡೆದಾಡು, ಕಚ್ಚು, ಕಚ್ಚಾಡು ನೆನಪಿಸಿಕೊಂಡರೆ ಸುಲಭ. ಇಂಗ್ಲಿಷಿನ ‘ಫೈಟ್’ ಎರಡೂ ಕಡೆ ಹೊಂದುವುದರಿಂದ ಮೂರು, ಆರರ ಗೆರೆ ಅಲ್ಲಿ ಅಳಿಸಿಹೋಗುತ್ತದೆ. ಆರನೆಯ ರೂಪಕ್ಕೆ ಕರ್ತೃ ಒಬ್ಬನೇ ಇದ್ದರೆ ಎಚ್ಚರ. ‘ತಮಾರದ’ ಎಂದರೆ ಕಾಯಿಲೆಯ ನಾಟಕವಾಡಿದ. ಒಬ್ಬನಿಂದ ಪರಸ್ಪರ ಆಗುವುದಾದರೂ ಹೇಗೆ?

ಮತ್ತೆ ಆ ಒಡತಿಯ ಹತ್ತಿರ ಹೋಗೋಣ. ಬಾಗಿಲು ಹಾಕುವ ಮೊದಲು ಅವಳು ಮಾಡಿದ್ದು ‘ರಾವದ’, ಮೂರನೆಯ ರೂಪ. ಇದರ ಮೂಲದಿಂದಲೇ ‘ರಾಇದ್’ ಬಂದಿದೆ. ನೀರು, ಮೇವು ಹುಡುಕಲು ಮುಂದಾಗಿ ಕಳಿಸಿದ ಆಳು ಅವನು. ‘ರಾವದ’ ಎಂದರೆ ಅತ್ತಿತ್ತ ಸುತ್ತಿ, ಪುಸಲಾಯಿಸಿ ಒಲಿಸಿಕೊಳ್ಳಲು ನೋಡುವುದು. ಯೂಸುಫ್ ಅಲಿ ‘ಸಾಟ್ ಟು ಸೆಡ್ಯೂಸ್’ ಎಂದರು. ಆ ‘ಸಾಟ್’, ಅಂದರೆ ಪ್ರಯತ್ನಿಸಿದಳು ಎಂಬ ಅಂಶ, ಅರಬ್ಬಿಯಲ್ಲಿ ಬೇರೆ ಪದವಾಗಿಲ್ಲ. ಅದು ಕ್ರಿಯಾಪದದ ಅಚ್ಚಿನಲ್ಲೇ ಇದೆ. 32ನೇ ವಚನದಲ್ಲಿ ಅವಳೇ ಒಪ್ಪಿಕೊಳ್ಳುತ್ತಾಳೆ: ನಾನು ಒಲಿಸಲು ನೋಡಿದೆ, ಅವನು ಜಗ್ಗಲಿಲ್ಲ. ಸೋಲನ್ನು ಬೇರೆಯಾಗಿ ಹೇಳಬೇಕಾಯಿತು, ಏಕೆಂದರೆ ‘ರಾವದ’ ಗೆಲುವು, ಸೋಲು ಎರಡನ್ನೂ ಹೇಳುವುದಿಲ್ಲ.

ನನಗೆ ಹೆಚ್ಚು ಇಷ್ಟವಾಗುವುದು 61ನೇ ವಚನ. ವರ್ಷಗಳು ಕಳೆದಿವೆ. ಯೂಸುಫ್ ಈಗ ಅಧಿಕಾರದಲ್ಲಿದ್ದಾರೆ, ಅಣ್ಣಂದಿರು ಅವರನ್ನು ಗುರುತಿಸಿಲ್ಲ. ಕಿರಿಯ ತಮ್ಮನನ್ನು ಕರೆತನ್ನಿ ಎಂದಾಗ ಅವರು ಕೊಡುವ ಉತ್ತರ: ಅವನ ವಿಷಯವಾಗಿ ತಂದೆಯನ್ನು ಒಲಿಸಲು ನೋಡುತ್ತೇವೆ. ಕ್ರಿಯಾಪದ ಅದೇ ‘ರಾವದ’! ಇಲ್ಲಿ ಕಾಮದ ಸುಳಿವೂ ಇಲ್ಲ. ಪಿಕ್ತಾಲ್ ಇಲ್ಲಿ ‘ಟ್ರೈ ಟು ವಿನ್’ ಎನ್ನುತ್ತಾರೆ, 23ರಲ್ಲಿ ಕೆಟ್ಟ ಕೆಲಸಕ್ಕೆ ಕೇಳಿದಳು ಎಂದಿದ್ದರು. ಎರಡೂ ಕಡೆ ಅರ್ಥ ಸರಿಯಾಗಿಯೇ ಇದೆ. ಆದರೆ ಹಿಂದೆ ಯೂಸುಫರ ಮೇಲೆ ನಡೆದ ಪುಸಲಾವಣೆಯ ಪದವೇ ಈಗ ಅವರೆದುರು ಅಣ್ಣಂದಿರ ಬಾಯಲ್ಲಿ ಬಂದಿದೆ ಎಂದು ಇಂಗ್ಲಿಷ್ ಓದುಗನಿಗೆ ತಿಳಿಯುವುದೇ ಇಲ್ಲ.

ಪರಸ್ಪರದ ಅರ್ಥ ಎಂಟನೆಯ ರೂಪದಲ್ಲೂ ಬರುತ್ತದೆ. 25ನೇ ವಚನದಲ್ಲಿ ಯೂಸುಫ್, ಒಡತಿ ಇಬ್ಬರೂ ಬಾಗಿಲಿನತ್ತ ಓಡುತ್ತಾರೆ: ‘ಇಸ್ತಬಕಾ’. ‘ಸಬಕ’ ಎಂದರೆ ಮುಂದಾದ. ಇದು ನಾ ಮುಂದು ತಾ ಮುಂದು ಎಂಬ ಓಟ. ಕೊನೆಯ ‘ಆ’ ದ್ವಿವಚನ, ಸರಿಯಾಗಿ ಇಬ್ಬರು. ಯೂಸುಫ್ ಓಡುವುದು ತಪ್ಪಿಸಿಕೊಳ್ಳಲು, ಅವಳು ಓಡುವುದು ತಡೆಯಲು. ಅಚ್ಚು ಇಬ್ಬರನ್ನೂ ಸಮಾನ ಕರ್ತೃಗಳನ್ನಾಗಿ ಮಾಡುತ್ತದೆ, ಉದ್ದೇಶ ಒಂದೇ ಎಂದು ಹೇಳುವುದಿಲ್ಲ. ಪಿಕ್ತಾಲ್ ‘ರೇಸ್ಡ್ ವಿತ್ ಒನ್ ಅನದರ್’ ಎಂದಾಗ ಪರಸ್ಪರತೆ ಉಳಿಯಿತು, ಆದರೆ ಪಂದ್ಯದ ವಾಸನೆಯೂ ಬಂತು. ಆರ್ಬೆರಿ ‘ಒನ್ ಅನದರ್’ ಬಿಟ್ಟರು. ಪಂದ್ಯದ ವಾಸನೆ ಹೋಯಿತು, ಜೊತೆಗೆ ಒಬ್ಬರನ್ನೊಬ್ಬರು ಹಿಂದೆ ಹಾಕುವ ತವಕವೂ. ನಿಜವಾದ ಪಂದ್ಯ ಈ ಕಥೆಯಲ್ಲಿ ಮೊದಲೇ ಬಂದಿದೆ. 17ನೇ ವಚನದಲ್ಲಿ ಅಣ್ಣಂದಿರು ತಂದೆಗೆ ಹೇಳುವ ಸುಳ್ಳಿನಲ್ಲಿ ಇದೇ ಕ್ರಿಯಾಪದ, ಇದೇ ರೂಪ ಇದೆ: ನಾವು ಓಟದ ಪಂದ್ಯ ಕಟ್ಟಿದ್ದೆವು, ಅಷ್ಟರಲ್ಲಿ ಯೂಸುಫನನ್ನು ತೋಳ ತಿಂದುಬಿಟ್ಟಿತು.