ಆರು ಚಕ್ರ, ಮೂರು ಶಂಖ, ಒಂದು ಕಮಾನು

ಬೇಸಿಗೆ ರಜೆಯಲ್ಲಿ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಜೆನೆಟಿಕ್ಸ್ ಕ್ಲಿನಿಕ್‌ಗೆ ಬಂದರು. ಹುಡುಗನಿಗೆ ಕಾಯಿಲೆಯೇನೂ ಇರಲಿಲ್ಲ. ಅವರು ತಂದಿದ್ದು ಒಂದು ಬಣ್ಣಬಣ್ಣದ ಫೈಲು. ಬೆರಳಚ್ಚು ತೆಗೆದು ಮಗುವಿನ ಬುದ್ಧಿ ಯಾವ ಬಗೆಯದು ಎಂದು ಹೇಳುವ ‘ಡಿಎಂಐಟಿ’ ಪರೀಕ್ಷೆಯ ವರದಿ.

“ಮೇಡಂ, ಇವನಿಗೆ ಗಣಿತ ಹತ್ತಲ್ಲ, ಟ್ಯೂಷನ್ ಬಿಡಿಸಿ ಕೀಬೋರ್ಡ್ ಕ್ಲಾಸಿಗೆ ಹಾಕಿ ಅಂತ ಬರೆದಿದ್ದಾರೆ. ನಮ್ಮತ್ತೆ ನೋಡಿದ್ರೆ ಆರು ಚಕ್ರ ಇದೆ, ರಾಜಯೋಗ ಅಂತಾರೆ. ಯಾರನ್ನ ನಂಬೋದು?”

ಹುಡುಗನ ಕೈಯನ್ನು ದೀಪದ ಕೆಳಗಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅಜ್ಜಿಯ ಎಣಿಕೆ ಸರಿಯಾಗಿಯೇ ಇತ್ತು. ಗೆರೆಗಳು ಸುತ್ತು ಸುತ್ತಾಗಿ ಮುಚ್ಚಿಕೊಂಡ ಚಕ್ರ ಆರು ಬೆರಳಲ್ಲಿ. ಒಂದು ಬದಿಯಿಂದ ಹೊರಟು ತಿರುಗಿ ಅದೇ ಬದಿಗೆ ಬರುವ ಶಂಖ, ನಮ್ಮ ಭಾಷೆಯಲ್ಲಿ ಲೂಪ್, ಮೂರರಲ್ಲಿ. ಬಲಗೈ ತೋರುಬೆರಳಲ್ಲಿ ಮಾತ್ರ ಗೆರೆಗಳು ಸೇತುವೆಯ ಕಮಾನಿನಂತೆ ಈ ಬದಿಯಿಂದ ಏರಿ ಆ ಬದಿಗೆ ಇಳಿದಿದ್ದವು. ಕಮಾನು ಅಪರೂಪ, ಕಾಣಿಸಿದರೆ ಹೆಚ್ಚಾಗಿ ತೋರುಬೆರಳಲ್ಲೇ ಕಾಣುವುದು.

ಇವನ್ನು ಗುರುತಿಸುವ ಸುಲಭದ ದಾರಿ ಡೆಲ್ಟಾ. ಮೂರು ದಿಕ್ಕಿನಿಂದ ಬಂದ ಗೆರೆಗಳು ಒಂದೆಡೆ ಸೇರಿ ಪುಟ್ಟ ತ್ರಿಕೋನವಾಗುವ ಜಾಗ ಅದು. ಚಕ್ರದಲ್ಲಿ ಎರಡು, ಲೂಪಿನಲ್ಲಿ ಒಂದು, ಸಾದಾ ಕಮಾನಿನಲ್ಲಿ ಒಂದೂ ಇಲ್ಲ. ಡೆಲ್ಟಾದಿಂದ ವಿನ್ಯಾಸದ ನಡುಬಿಂದುವಿಗೆ ಒಂದು ನೇರ ಗೀಟು ಎಳೆದು, ಅದನ್ನು ಹಾಯುವ ಗೆರೆಗಳನ್ನು ಎಣಿಸಿದರೆ ಆ ಬೆರಳಿನ ಗೆರೆಸಂಖ್ಯೆ ಸಿಗುತ್ತದೆ. ಚಕ್ರದಲ್ಲಿ ಎರಡು ಎಣಿಕೆ ಬರುವುದರಿಂದ ದೊಡ್ಡದನ್ನು ಇಟ್ಟುಕೊಳ್ಳುತ್ತೇವೆ. ಡೆಲ್ಟಾ ಇಲ್ಲದ ಕಮಾನಿಗೆ ಸೊನ್ನೆ.

ಈ ಸೊನ್ನೆಯೇ ಹುಡುಗನ ಗಣಿತಕ್ಕೆ ಕುತ್ತು ತಂದಿದ್ದು. ವರದಿಯ ಪ್ರಕಾರ ಒಂದೊಂದು ಬೆರಳು ಮಿದುಳಿನ ಒಂದೊಂದು ಭಾಗಕ್ಕೆ ಜೋಡಣೆ, ಗೆರೆ ಹೆಚ್ಚಿದ್ದಷ್ಟೂ ಆ ಭಾಗದ ಶಕ್ತಿ ಹೆಚ್ಚು. ಬಲ ತೋರುಬೆರಳು ‘ತರ್ಕ’ವಂತೆ. ಅಲ್ಲಿ ಸೊನ್ನೆ ಬಂದ ಮೇಲೆ ತರ್ಕಕ್ಕೂ ಸೊನ್ನೆ. ಇನ್ನೊಂದು ಪುಟದಲ್ಲಿ, ಕಮಾನು ಇರುವ ಮಕ್ಕಳು ಏನು ಕಲಿಸಿದರೂ ಹೀರಿಕೊಳ್ಳುವ ಸ್ಪಂಜಿನಂತೆ ಎಂದೂ ಬರೆದಿತ್ತು. ಎರಡೂ ಪುಟಕ್ಕೆ ಸೇರಿಸಿಯೇ ದುಡ್ಡು ಕೊಟ್ಟಾಗಿತ್ತು.

ಹಾಗಾದರೆ ಈ ಗೆರೆಗಳನ್ನು ತೀರ್ಮಾನಿಸುವುದು ಯಾವುದು? ಗರ್ಭದಲ್ಲಿ ಆರೇಳು ವಾರ ಕಳೆದ ಮೇಲೆ ಭ್ರೂಣದ ಬೆರಳ ತುದಿಗಳಲ್ಲಿ ಮೆತ್ತನೆಯ ದಿಂಬಿನಂಥ ಉಬ್ಬುಗಳು ಏಳುತ್ತವೆ. ಕೈ ಬೆಳೆದಂತೆ ಅವು ತಗ್ಗುತ್ತ ಬರುತ್ತವೆ. ಸುಮಾರು ಹತ್ತನೇ ವಾರದ ಬಳಿಕ, ಉಬ್ಬು ಇನ್ನೂ ತಗ್ಗುತ್ತಿರುವಾಗಲೇ, ಚರ್ಮದಲ್ಲಿ ಗೆರೆ ಮೂಡಲು ಶುರುವಾಗುತ್ತದೆ. ಗುಡ್ಡದ ಆಕಾರ ನೋಡಿಕೊಂಡು ಗದ್ದೆಯ ಬದು ಹಾಕಿದ ಹಾಗೆ. ಗುಡ್ಡ ಎತ್ತರವಾಗಿ ದುಂಡಗಿದ್ದರೆ ಬದುಗಳು ಸುತ್ತುವರಿಯುತ್ತವೆ, ಚಕ್ರವಾಗುತ್ತದೆ. ಒಂದು ಪಕ್ಕಕ್ಕೆ ವಾಲಿದ್ದರೆ ಲೂಪ್. ಆಗಲೇ ತಗ್ಗಿ ಚಪ್ಪಟೆಯಾಗಿದ್ದರೆ ಕಮಾನು. ಎಡಿನ್‌ಬರೋದ ಸಂಶೋಧಕರು 2023ರಲ್ಲಿ ಇದಕ್ಕೊಂದು ಚಂದದ ವಿವರ ಸೇರಿಸಿದರು. ಗೆರೆಗಳು ಬೆರಳ ತುಂಬ ಒಮ್ಮೆಗೇ ಮೂಡುವುದಿಲ್ಲ. ಉಬ್ಬಿನ ನಡು, ಉಗುರಿನ ಅಂಚು, ಬೆರಳು ಮಡಚುವ ಸಂದು, ಈ ಮೂರು ಕಡೆಯಿಂದ ಅಲೆಯಂತೆ ಹಬ್ಬುತ್ತವೆ. ಯಾವ ಅಲೆ ಎಲ್ಲಿ, ಎಷ್ಟು ಹೊತ್ತಿಗೆ ಇನ್ನೊಂದನ್ನು ಸಂಧಿಸುತ್ತದೆ ಎಂಬುದರ ಮೇಲೆ ವಿನ್ಯಾಸ ನಿಲ್ಲುತ್ತದೆ.

ಬೆರಳಚ್ಚಿನ ವ್ಯಾಪಾರಿಗಳು ಹೇಳುವ ಒಂದು ಮಾತು ಅರ್ಧ ನಿಜ. ಹೊರಚರ್ಮವೂ ಮಿದುಳೂ ಭ್ರೂಣದ ಒಂದೇ ಪದರದಿಂದ ಹುಟ್ಟುತ್ತವೆ. ಆದರೆ ನರಮಂಡಲದ ಕೊಳವೆ ನಾಲ್ಕನೇ ವಾರದ ಹೊತ್ತಿಗೇ ಮುಚ್ಚಿ ತನ್ನ ದಾರಿ ಹಿಡಿದಿರುತ್ತದೆ. ಗೆರೆಯ ಆಕಾರವನ್ನು ತೀರ್ಮಾನಿಸುವ ಆ ಉಬ್ಬೋ, ಚರ್ಮದ ಕೆಳಗಿನ ಬೇರೆಯೇ ಪದರದ್ದು. 2022ರಲ್ಲಿ ಸಾವಿರಾರು ಜನರ ಬೆರಳಚ್ಚನ್ನೂ ವಂಶವಾಹಿಗಳನ್ನೂ ತಾಳೆ ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ ಎದ್ದು ಕಂಡದ್ದು ಕೈಕಾಲು ಬೆಳೆಸುವ ಜೀನ್‌ಗಳು. ಆ ಅಧ್ಯಯನದಲ್ಲಿ ಚಕ್ರಕ್ಕೆ ನಂಟು ಕಂಡದ್ದು ಕಿರುಬೆರಳಿನ ಉದ್ದದೊಂದಿಗೆ.

ಅನುವಂಶೀಯತೆ ಮಾತ್ರ ಗಟ್ಟಿ. ಸಾರಾ ಹೋಲ್ಟ್ ಎಂಬ ಬ್ರಿಟಿಷ್ ವಿಜ್ಞಾನಿ ಕುಟುಂಬ ಕುಟುಂಬಗಳ ಬೆರಳಚ್ಚು ತೆಗೆದು ಹತ್ತೂ ಬೆರಳಿನ ಗೆರೆ ಕೂಡಿಸಿದಾಗ, ತದ್ರೂಪಿ ಅವಳಿಗಳ ನಡುವಿನ ಸಾಮ್ಯ 0.95ರಷ್ಟಿತ್ತು, ಒಡಹುಟ್ಟಿದವರಲ್ಲಿ 0.50. ಗಂಡಸರ ಸರಾಸರಿ ಮೊತ್ತ 145, ಹೆಂಗಸರದು 127. ಗೆರೆಗೂ ಬುದ್ಧಿಗೂ ಡಿಎಂಐಟಿ ಹೇಳುವಂಥ ಸಂಬಂಧವಿದ್ದಿದ್ದರೆ ಜಗತ್ತಿನ ಹೆಂಗಸರ ಗತಿ ಏನಾಗಬೇಕಿತ್ತು ಎಂದು ಆ ತಾಯಿಗೆ ಕೇಳಿದೆ. ನಕ್ಕರು.

ಕೈ ನೋಡುವುದನ್ನು ನಾವು ವೈದ್ಯರು ಬಿಟ್ಟಿಲ್ಲ, ಅದನ್ನೂ ಹೇಳಬೇಕು. ಹೆರಾಲ್ಡ್ ಕಮಿನ್ಸ್ 1926ರಲ್ಲಿ ಚಾರ್ಲ್ಸ್ ಮಿಡ್ಲೋ ಜೊತೆ ಸೇರಿ ಈ ವಿದ್ಯೆಗೆ ಡರ್ಮಟೊಗ್ಲಿಫಿಕ್ಸ್ ಎಂದು ಹೆಸರಿಟ್ಟ. ಡೌನ್ ಸಿಂಡ್ರೋಮ್ ಇರುವವರ ಅಂಗೈ ಬೇರೆ ತೆರನಾಗಿರುವುದನ್ನು 1930ರ ದಶಕದಲ್ಲಿ ತೋರಿಸಿದ. ಅವರಲ್ಲಿ ಕಿರುಬೆರಳಿನ ಕಡೆಗೆ ತೆರೆದ ಲೂಪುಗಳು ಹೆಚ್ಚು. ಹಸ್ತಸಾಮುದ್ರಿಕದವರು ಹೃದಯರೇಖೆ, ಬುದ್ಧಿರೇಖೆ ಎನ್ನುವ ಎರಡು ಮಡಿಕೆಗಳು ಸೇರಿ ಅಡ್ಡಲಾಗಿ ಒಂದೇ ಗೆರೆಯಾಗಿರುವುದೂ ಉಂಟು. 1959ರಲ್ಲಿ ಹೆಚ್ಚುವರಿ ಕ್ರೋಮೋಸೋಮ್ ಪತ್ತೆಯಾಗುವ ತನಕ ಇಂಥ ಗುರುತುಗಳಿಗೆ ಬಹಳ ಬೆಲೆಯಿತ್ತು.

ಆದರೆ ಆ ಗುರುತು ಎಷ್ಟು ಹೇಳುತ್ತದೆ ಎಂದು ಲೆಕ್ಕ ಹಾಕಿ ನೋಡಿ. 80,000 ಹೆರಿಗೆಯಲ್ಲಿ ಸುಮಾರು 100 ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುತ್ತದೆ ಎನ್ನೋಣ. ಅವರಲ್ಲಿ ಅರ್ಧದಷ್ಟು, ಅಂದರೆ 50 ಮಕ್ಕಳ ಅಂಗೈಯಲ್ಲಿ ಆ ಒಂಟಿ ಅಡ್ಡಗೆರೆ. ಆರೋಗ್ಯವಂತರಲ್ಲೂ ನೂರಕ್ಕೆ ಇಬ್ಬರಿಗಾದರೂ ಅದು ಇರುತ್ತದೆ. ಹಾಗೆ ಹಿಡಿದರೆ ಉಳಿದ 79,900 ಮಕ್ಕಳಲ್ಲಿ ಸುಮಾರು 1,600. ಒಟ್ಟು 1,650 ಅಡ್ಡಗೆರೆಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು 50, ನೂರಕ್ಕೆ ಮೂವರು. ಹಾಗಾಗಿ ಗೆರೆಯೊಂದನ್ನೇ ನೋಡಿ ಬಾಣಂತಿಯ ಮುಂದೆ ಬಾಯಿಬಿಡುವ ವೈದ್ಯರ ಮೇಲೆ ನನಗೆ ಸಿಟ್ಟು ಬರುತ್ತದೆ. ಮಗುವಿನ ಮುಖ, ಸ್ನಾಯುಗಳ ಬಿಗಿ, ಹೃದಯ ಎಲ್ಲ ನೋಡಿ ಅನುಮಾನ ಬಂದರೆ ರಕ್ತ ತೆಗೆದು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಬೇಕು. ತೀರ್ಪು ಕೊಡುವುದು ಅದು. ಅಷ್ಟು ದೊಡ್ಡ ಬದಲಾವಣೆಯಾದ ಮಗುವಿನಲ್ಲೇ ಗೆರೆಯ ಸಾಕ್ಷಿ ಇಷ್ಟು ತೆಳು. ಇನ್ನು ಒಂಬತ್ತರ ಹುಡುಗನ ಮಗ್ಗಿಯ ಬಗ್ಗೆ ಅದು ಏನು ಹೇಳೀತು?

ಹೊರಡುವ ಮುಂಚೆ ತಾಯಿಯ ಕೈಯನ್ನೂ ನೋಡಿದೆ, ಕುತೂಹಲಕ್ಕೆ. ಬಲ ತೋರುಬೆರಳಲ್ಲಿ ಅದೇ ಕಮಾನು.

“ನೀವೇನು ಕೆಲಸ ಮಾಡ್ತೀರಿ?”

“ಸಹಕಾರ ಸಂಘದಲ್ಲಿ ಲೆಕ್ಕ ಬರೀತೀನಿ ಮೇಡಂ. ಹದಿನಾಲ್ಕು ವರ್ಷ ಆಯ್ತು.”

ಇದೂ ಸಾಕ್ಷಿಯಲ್ಲ ಎಂದು ಅವರಿಗೆ ಹೇಳಿದೆ. ಅವರು ಅಷ್ಟರಲ್ಲಿ ಮಗನ ಬೆರಳನ್ನೂ ತಮ್ಮ ಬೆರಳನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದರು.