ಬೇಲಿಯ ಬಿಗಿ ಇರುವುದು ಎರಡು ಸೆಂಟಿಮೀಟರ್ ಒಳಗೆ

ಹೊಸಕೋಟೆ ಕಡೆಗೋ ಮಾಗಡಿ ರಸ್ತೆ ಕಡೆಗೋ ಹೋದರೆ, ಹಾಕಿ ವರ್ಷ ತುಂಬುವ ಮೊದಲೇ ಕಂಬ ಕಂಬಗಳ ನಡುವೆ ಹೊಟ್ಟೆ ಬಿಟ್ಟು ನಿಂತ ಚೈನ್ ಲಿಂಕ್ ಬೇಲಿಗಳು ಕಾಣುತ್ತವೆ. ಮಾಲೀಕರು ಜಾಲರಿ ತೆಳುವಾಯಿತು ಎನ್ನುತ್ತಾರೆ, ಕೆಲಸದವರು ದನ ಒರಗಿತು ಎನ್ನುತ್ತಾರೆ. ಎರಡೂ ಇರಬಹುದು. ಆದರೆ ಎಳೆದು ಕಟ್ಟಿದ ತಂತಿ ಎಷ್ಟು ಉದ್ದ ಹಿಗ್ಗಿದೆ ಎಂದು ಒಮ್ಮೆ ಲೆಕ್ಕ ಹಾಕಿದರೆ, ತಪ್ಪು ಸಾಮಾನ್ಯವಾಗಿ ಎಲ್ಲಿರುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಂದು ಬದಿಯನ್ನೇ ತೆಗೆದುಕೊಳ್ಳೋಣ: ಉದ್ದ 100 ಅಡಿ, ಅಂದರೆ ಸುಮಾರು 30 ಮೀಟರ್. ಹತ್ತು ಹತ್ತು ಅಡಿಗೆ ಒಂದರಂತೆ 11 ಕಲ್ಲುಕಂಬ, ಒಂದೊಂದೂ ಏಳು ಅಡಿಯದು, ಎರಡು ಅಡಿ ನೆಲದೊಳಗೆ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಸಾಲು 10 ಗೇಜ್ ಜಿಐ ತಂತಿ. ಅದಕ್ಕೆ ಕಟ್ಟಿದ ಐದು ಅಡಿ ಎತ್ತರದ, ಎರಡು ಇಂಚು ಕಣ್ಣಿನ ಜಾಲರಿ. ಜಾಲರಿಯ ತಂತಿ 3 ಮಿ.ಮೀ. ದಪ್ಪದ್ದಾದರೆ ಎರಡು ಕಂಬಗಳ ನಡುವಿನ ಭಾಗ ಸುಮಾರು 10 ಕೆಜಿ ತೂಗುತ್ತದೆ. ಈ ತೂಕವನ್ನು ಹೊರುವುದು ಆ ಮೂರು ಸಾಲು ತಂತಿ.

ಭಾರ ಹೊತ್ತ ತಂತಿ ಎಷ್ಟೇ ಎಳೆದರೂ ಪೂರ್ತಿ ನೇರವಾಗುವುದಿಲ್ಲ. ಎಳೆತ ಎರಡರಷ್ಟಾದರೆ ಜೋಲು ಅರ್ಧವಾಗುತ್ತದೆ, ಅಷ್ಟೆ. ಆದರೆ ಕಂಬಗಳ ಅಂತರ ಎರಡರಷ್ಟಾದರೆ ಜೋಲು ನಾಲ್ಕರಷ್ಟಾಗುತ್ತದೆ. ಒಂದೊಂದು ತಂತಿಯನ್ನೂ 100 ಕೆಜಿ ತೂಗಿದಷ್ಟು ಬಲದಿಂದ ಎಳೆದು, ಜಾಲರಿಯ ಭಾರವನ್ನು ಮೂರಕ್ಕೂ ಹಂಚಿದರೆ ನಮ್ಮ ಬೇಲಿ ನಡುವೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಜೋಲುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ದುಡ್ಡು ಉಳಿಸಲು ಕಂಬಗಳನ್ನು 20 ಅಡಿಗೊಂದರಂತೆ ನೆಟ್ಟರೆ ಅದೇ ಎಳೆತದಲ್ಲಿ ಜೋಲು ಐದು ಸೆಂಟಿಮೀಟರ್. ಜಾಲರಿಯನ್ನು ಮೇಲಿನ ತಂತಿಗೆ ಮಾತ್ರ ಕಟ್ಟಿ ಉಳಿದೆರಡಕ್ಕೆ ಹೆಸರಿಗಷ್ಟೇ ಸುತ್ತಿದ್ದರೆ 15 ಸೆಂಟಿಮೀಟರ್ ದಾಟುತ್ತದೆ.

ಹಾಗಾದರೆ 100 ಕೆಜಿ ಎಳೆತಕ್ಕೆ 30 ಮೀಟರ್ ತಂತಿ ಹಿಗ್ಗುವುದು ಎಷ್ಟು? ಸುಮಾರು 18 ಮಿಲಿಮೀಟರ್. ಉಕ್ಕು ಅಷ್ಟು ಮೊಂಡು. ಬೇಲಿಯ ಬಿಗಿಯೆಲ್ಲ ಆ 18 ಮಿಲಿಮೀಟರ್‌ನಲ್ಲೇ ಇದೆ. ಮೂಲೆಕಂಬದ ತಲೆ ಅಷ್ಟು ವಾಲಿದರೆ, ಅಥವಾ ಗಂಟು ಅಷ್ಟು ಜಾರಿದರೆ, ಮೇಲಿನ ತಂತಿಯಲ್ಲಿ ಬಿಗಿ ಎಂಬುದೇ ಉಳಿಯುವುದಿಲ್ಲ. ಮುಂದಿನದೆಲ್ಲ ಈ 18 ಮಿಲಿಮೀಟರನ್ನು ಉಳಿಸಿಕೊಳ್ಳುವ ಕೆಲಸ.

ಮೊದಲ ಪೆಟ್ಟು ಮೂಲೆಕಂಬಕ್ಕೆ. ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿಯುತ್ತವೆ, ಎಳೆತ ತಡೆಯುವುದು ಎರಡು ತುದಿಯವು ಮಾತ್ರ. ಮೂರು ತಂತಿಗೆ 300 ಕೆಜಿ, ಮೇಲೆ ಜಾಲರಿಯದೂ ಸ್ವಲ್ಪ. ಕಲ್ಲು ಮೇಲಿಂದ ಒತ್ತಿದರೆ ಎಷ್ಟು ಬೇಕಾದರೂ ತಾಳುತ್ತದೆ, ಬಾಗಿಸಿದರೆ ತಾಳುವುದಿಲ್ಲ. ಆರಿಂಚು ನಾಲ್ಕಿಂಚಿನ ಕಲ್ಲುಕಂಬ ಆಸರೆಯಿಲ್ಲದೆ ಈ ಎಳೆತಕ್ಕೆ ನಿಂತರೆ ಒಂದೋ ಬುಡದಲ್ಲಿ ಮುರಿಯುತ್ತದೆ, ಇಲ್ಲವೇ ಮಣ್ಣನ್ನು ತಳ್ಳಿಕೊಂಡು ವಾಲುತ್ತದೆ. ಇಲ್ಲಿನ ಕೆಂಪು ಮಣ್ಣು ಮಾರ್ಚ್‌ನಲ್ಲಿ ಸಿಮೆಂಟಿನಂತೆ ಗಟ್ಟಿ. ಆಗ ನೆಟ್ಟ ಕಂಬ ಅಲುಗುವುದಿಲ್ಲ ಎಂದು ಧೈರ್ಯ ಬರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ನೆನೆದು ಮೆತ್ತಗಾದಾಗ ಕಂಬದ ತಲೆ ಎರಡು ಸೆಂಟಿಮೀಟರ್ ಮುಂದೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಅದಕ್ಕೇ ಓರೆಯಾಗಿ ಸಪೋರ್ಟ್ ಕಲ್ಲು ಕೊಡುವುದು. ಅದು ಬೇಲಿಯ ಸಾಲಿನಲ್ಲೇ, ತಂತಿ ಎಳೆಯುವ ಕಡೆಗೆ ಕಾಲು ಚಾಚಿ ನಿಲ್ಲಬೇಕು. ಮೂಲೆಯಲ್ಲಿ ಎರಡು ದಿಕ್ಕಿನಿಂದ ಎಳೆತ ಬರುವುದರಿಂದ ಎರಡು ಸಪೋರ್ಟ್ ಬೇಕು. ಎರಡರ ಬದಲು ಮೂಲೆಯ ನಡುಕ್ಕೆ ಒಂದನ್ನು ಕೊಟ್ಟು ಮುಗಿಸುವುದು ಸಾಮಾನ್ಯ. ಆದರೆ ಒಂದು ಬದಿಯನ್ನು ಇವತ್ತು, ಇನ್ನೊಂದನ್ನು ನಾಳೆ ಎಳೆಯುವಾಗ ಆ ಒಂದೇ ಸಪೋರ್ಟ್ ಪಕ್ಕಕ್ಕೆ ಜಾರುತ್ತದೆ. ಕಂಬಕ್ಕೆ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಉಳಿಯಿಂದ ಸಣ್ಣ ಕಚ್ಚು ಹೊಡೆದು ಸಪೋರ್ಟಿನ ತಲೆ ಕೂರಿಸಬೇಕು. ಅದರ ಬುಡಕ್ಕೆ ಚಪ್ಪಡಿ ಚೂರನ್ನೋ ಕಾಂಕ್ರೀಟನ್ನೋ ಕೊಡಬೇಕು. ಬರೀ ಮಣ್ಣಿನಲ್ಲಿ ಊರಿದರೆ ಅದೂ ಇಳಿಯುತ್ತದೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಸಪೋರ್ಟ್ ಕಲ್ಲು ಕಂಬವನ್ನು ಹಿಂದಕ್ಕಷ್ಟೇ ಅಲ್ಲ, ಮೇಲಕ್ಕೂ ತಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ನಾಲ್ಕಡಿ ಎತ್ತರದಲ್ಲಿ ಅದು ತಡೆಯಬೇಕಾದ ಬಲ ಸುಮಾರು 190 ಕೆಜಿ. ಬುಡವೂ ನಾಲ್ಕೇ ಅಡಿ ದೂರವಿದ್ದರೆ ಕಂಬವನ್ನು ಮೇಲಕ್ಕೆತ್ತುವ ಬಲವೂ ಅಷ್ಟೇ, 190 ಕೆಜಿ. ಕಂಬದ ತೂಕವೋ 85 ಕೆಜಿ ಆಸುಪಾಸು. ಎಂಟಡಿ ಕಲ್ಲು ತಂದು ಬುಡವನ್ನು ಆರಡಿ ದೂರ ಒಯ್ದರೆ ಎತ್ತುವ ಬಲ 125ಕ್ಕೆ ಇಳಿಯುತ್ತದೆ. ಜೊತೆಗೆ ಕಂಬದ ಬುಡಕ್ಕೆ ಒಂದೂವರೆ ಅಡಿ ಚೌಕದ, ಎರಡಡಿ ಆಳದ ಕಾಂಕ್ರೀಟ್ ತುಂಬಿದರೆ ಅದೊಂದೇ 290 ಕೆಜಿಯಷ್ಟಾಗುತ್ತದೆ, ಆಮೇಲೆ ಚಿಂತೆಯಿಲ್ಲ. ಕಾಂಕ್ರೀಟ್ ಹಾಕಿದ ಮರುದಿನವೇ ತಂತಿ ಎಳೆಯಬಾರದು. ಕನಿಷ್ಠ ಒಂದು ವಾರ ನೀರು ಹಾಕಿ ಕಾಯಬೇಕು.

ಎಳೆಯುವಾಗ ತಂತಿಯ ಒಂದು ತುದಿಯನ್ನು ದೂರದ ಮೂಲೆಕಂಬಕ್ಕೆ ಎರಡು ಸುತ್ತು ಹಾಕಿ, ಉಳಿದ ತುದಿಯನ್ನು ಅದೇ ತಂತಿಯ ಮೇಲೆ ಒತ್ತೊತ್ತಾಗಿ ಆರೇಳು ಸುತ್ತು ಸುತ್ತಬೇಕು. ಈಚೆ ತುದಿಯಲ್ಲಿ, ತಿರುಗಿಸಿದರೆ ತಂತಿಯನ್ನು ಬಿಗಿಯುವ ಟರ್ನ್‌ಬಕಲ್ ಪೂರ್ತಿ ಬಿಚ್ಚಿಟ್ಟು ಸೇರಿಸಿ, ಹ್ಯಾಂಡ್ ಪುಲ್ಲರ್‌ನಿಂದ ಎಳೆದು ಕಟ್ಟಿ, ಕೊನೆಯ ಬಿಗಿಯನ್ನು ಟರ್ನ್‌ಬಕಲ್ ತಿರುಗಿಸಿ ಕೊಡಬೇಕು. ಟರ್ನ್‌ಬಕಲ್ ದಂಡದ ಖರ್ಚು ಎನ್ನುವವರಿದ್ದಾರೆ. ಗಂಟುಗಳು ಮೊದಲ ವಾರದಲ್ಲಿ ಬಿಗಿದುಕೊಳ್ಳುವಾಗಲೇ ಕೆಲವು ಮಿಲಿಮೀಟರ್ ಹೋಗುತ್ತವೆ. ಹೋದದ್ದನ್ನು ತಂತಿ ಬಿಚ್ಚದೆ ವಾಪಸ್ ಪಡೆಯಲು ಬೇರೆ ದಾರಿಯಿಲ್ಲ.

100 ಕೆಜಿ ಆಯಿತೆಂದು ತಿಳಿಯುವುದು ಹೇಗೆ? ಐದು ಲೀಟರ್ ಕ್ಯಾನಿಗೆ ನೀರು ತುಂಬಿ ಎರಡು ಕಂಬಗಳ ನಟ್ಟನಡುವೆ ತಂತಿಗೆ ತೂಗುಹಾಕಿ. ಹತ್ತು ಅಡಿ ಅಂತರದಲ್ಲಿ ತಂತಿ ಮೂರೂಮುಕ್ಕಾಲು ಸೆಂಟಿಮೀಟರ್ ಇಳಿದರೆ ಎಳೆತ ಸುಮಾರು 100 ಕೆಜಿ, ಏಳೂವರೆ ಇಳಿದರೆ ಬರೀ 50. ಜಾಲರಿ ಕಟ್ಟುವ ಮೊದಲು ಮಾಡುವ ಪರೀಕ್ಷೆ ಇದು.

ಇದನ್ನು ಯಾವ ಹೊತ್ತಿನಲ್ಲಿ ಮಾಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಜನವರಿಯ ಬೆಳಗ್ಗೆ 15 ಡಿಗ್ರಿ ಇರುವ ತಂತಿ ಬಿಸಿಲಿಗೆ 45 ಡಿಗ್ರಿ ಆದರೆ 30 ಮೀಟರಿಗೆ 11 ಮಿಲಿಮೀಟರ್ ಉದ್ದವಾಗುತ್ತದೆ. ಇರುವ 18ರಲ್ಲಿ 11 ಹೋದರೆ 100 ಕೆಜಿಯ ಬಿಗಿ 40ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ 50 ಕೆಜಿಗೆ ಎಳೆದು ಸಾಕೆಂದು ಬಿಟ್ಟ ಬೇಲಿ ಮಧ್ಯಾಹ್ನ ಜೋಲುವುದು ಇದರಿಂದಲೇ. ಬಿಸಿಲಲ್ಲಿ 100ಕ್ಕೆ ಎಳೆದರೆ ಚಳಿಯ ಬೆಳಗ್ಗೆ 160 ಆಗುತ್ತದೆ. ತಂತಿ ಅದನ್ನು ತಾಳುತ್ತದೆ, ಮೂಲೆಕಂಬ ತಾಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಹತ್ತು ಹನ್ನೊಂದು ಗಂಟೆಯ ಹದವಾದ ಬಿಸಿಲು ಒಳ್ಳೆಯದು.

ಜಾಲರಿಯ ಕೆಲಸ ಇದಕ್ಕಿಂತ ಸುಲಭ. ಐವತ್ತು ಅಡಿಯ ಎರಡು ರೋಲ್‌ಗಳನ್ನು ಕೂಡಿಸಲು ಒಂದರ ಅಂಚಿನ ಸುರುಳಿ ತಂತಿಯನ್ನು ತಿರುಗಿಸಿ ಬಿಚ್ಚಿ, ಎರಡರ ಅಂಚನ್ನೂ ಹೊಂದಿಸಿ, ಅದೇ ತಂತಿಯನ್ನು ಮತ್ತೆ ತಿರುಗಿಸುತ್ತ ಹೊಲಿಯಬೇಕು. ಬೈಂಡಿಂಗ್ ವೈರ್ ಹಾಕಿ ಕಟ್ಟಿದ ಜೋಡು ಎಳೆದಾಗ ಬಾಯಿ ಬಿಡುತ್ತದೆ. ಎಳೆಯುವಾಗ ಒಂದು ಕಣ್ಣಿಗೆ ಕೊಕ್ಕೆ ಹಾಕಬಾರದು, ಆ ಕಣ್ಣು ಮಾತ್ರ ಹಿಗ್ಗುತ್ತದೆ. ತುದಿಯ ಕಣ್ಣುಗಳ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಒಂದು ಕಬ್ಬಿಣದ ರಾಡ್ ತೂರಿಸಿ, ಆ ರಾಡನ್ನು ಎರಡು ಕಡೆ ಹಿಡಿದು ಎಳೆಯಬೇಕು. ಎರಡು ಬೆರಳಿನಿಂದ ಒಂದು ಕಣ್ಣನ್ನು ಹಿಸುಕಿದರೆ ಅರ್ಧ ಸೆಂಟಿಮೀಟರ್ ಆಸುಪಾಸು ಮಣಿಯುವ ಹದ ಸಾಕು. ಅತಿಯಾದರೆ ಕಣ್ಣುಗಳು ಅಡ್ಡಕ್ಕೆ ಹಿಗ್ಗಿ ಜಾಲರಿಯ ಎತ್ತರವೇ ಕುಗ್ಗುತ್ತದೆ.

ಇನ್ನು ಕಟ್ಟುವುದು. ಅತಿ ಮುತುವರ್ಜಿಯೇ ಬೇಲಿಯನ್ನು ಕೆಡಿಸುವ ಜಾಗ ಇದು. ನಡುವಿನ ಕಂಬಗಳಲ್ಲಿ ತಂತಿ ಅಲುಗದಂತೆ ಬಿಗಿಯುವುದು ಒಳ್ಳೆಯದೆಂದು ಅನ್ನಿಸುತ್ತದೆ. ಒಂದು ಹಸು ಎರಡು ಕಂಬಗಳ ನಡುವೆ ಒರಗಿ ತಂತಿಯನ್ನು ಹತ್ತು ಸೆಂಟಿಮೀಟರ್ ಒಳಕ್ಕೆ ತಳ್ಳಿತು ಎನ್ನಿ. ಅದಕ್ಕೆ ಹೆಚ್ಚುವರಿ ಬೇಕಾದ ತಂತಿ ಸುಮಾರು 7 ಮಿಲಿಮೀಟರ್. ತಂತಿ ಕಂಬಗಳಲ್ಲಿ ಜಾರುವಂತಿದ್ದರೆ ಅದು 30 ಮೀಟರಿಗೂ ಹಂಚಿಹೋಗಿ ಎಳೆತ ಸುಮಾರು 40 ಕೆಜಿ ಏರುತ್ತದೆ, ಹಸು ಹೋದಮೇಲೆ ಮೊದಲಿನಂತಾಗುತ್ತದೆ. ಎರಡೂ ಕಂಬಗಳಲ್ಲಿ ಬಿಗಿದು ಕಟ್ಟಿದ್ದರೆ ಅಷ್ಟನ್ನೂ ಮೂರು ಮೀಟರ್ ತಂತಿಯೇ ಕೊಡಬೇಕು. ಮೆದು ಜಿಐ ತಂತಿ ಆ ಎಳೆತಕ್ಕೆ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಆ ಒಂದು ಅಂಕಣ ಮಾತ್ರ ಮುಂದೆಂದೂ ನೆಟ್ಟಗಾಗುವುದಿಲ್ಲ.

ಆದ್ದರಿಂದ ಕಲ್ಲುಕಂಬಕ್ಕೆ ಕಟ್ಟುವ ತಂತಿ ಕಂಬವನ್ನು ಬಿಗಿಯಾಗಿ ಹಿಡಿಯಲಿ, ಸಾಲು ತಂತಿಯನ್ನು ಕುಣಿಕೆಯಲ್ಲಿ ಸಡಿಲವಾಗಿ ಹಿಡಿಯಲಿ. ನೀಲಗಿರಿ, ಸರ್ವೆ ಮರದ ಕಂಬವಾದರೆ ಯು ಮೊಳೆಯನ್ನು ಪೂರ್ತಿ ಹೊಡೆಯದೆ ತಂತಿ ಓಡಾಡುವಷ್ಟು ಸಂದು ಬಿಡಬೇಕು. ಕೊನೆಯ ಒಂದು ಸುತ್ತಿಗೆ ಪೆಟ್ಟು ತಂತಿಯನ್ನು ಚಪ್ಪಟೆ ಮಾಡಿ ಸತುವಿನ ಪದರ ಕೀಳುತ್ತದೆ, ತುಕ್ಕು ಅಲ್ಲಿಂದಲೇ ಶುರು. ಮೊಳೆಯ ಎರಡು ಕಾಲು ಮರದ ಒಂದೇ ಎಳೆಗೆ ಇಳಿದರೆ ಮರ ಸೀಳುತ್ತದೆ, ಹಾಗಾಗಿ ಸ್ವಲ್ಪ ಓರೆಯಾಗಿ ತಿರುಗಿಸಿ ಹೊಡೆಯಬೇಕು. ಜಾಲರಿಯನ್ನು ಸಾಲು ತಂತಿಗೆ ಒಂದೂವರೆ ಅಡಿಗೊಂದರಂತೆ ಕಟ್ಟಿದರೆ ಸಾಕು. ಕಟ್ಟುವುದಕ್ಕೆ ಜಿಐ ತಂತಿಯೇ ಬೇಕು. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಅಗ್ಗ, ಸೈಟಿನಲ್ಲಿ ಕೈಗೆ ಸಿಗುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ. ಸಾಲದ್ದಕ್ಕೆ ಆ ಬರಿಗಬ್ಬಿಣವನ್ನು ಕಾಪಾಡಲು ಜಾಲರಿಯ ಸತು ತಾನು ಸವೆಯುತ್ತದೆ.

ಈಗಾಗಲೇ ಜೋಲಿರುವ ಬೇಲಿಯನ್ನು ನೋಡುವಾಗಲೂ ಇದೇ ಲೆಕ್ಕ. ಮೇಲಿನ ತಂತಿ ಸಡಿಲ, ಕೆಳಗಿನದು ಬಿಗಿ ಎಂದಾದರೆ ಮೂಲೆಕಂಬ ವಾಲಿದೆ. ಟರ್ನ್‌ಬಕಲ್ ತಿರುಗಿಸುವ ಮೊದಲು ತೂಕದ ದಾರ ಇಳಿಬಿಟ್ಟು ನೋಡಿ, ಇಲ್ಲದಿದ್ದರೆ ಅದನ್ನು ಇನ್ನಷ್ಟು ವಾಲಿಸುತ್ತೀರಿ. ಮೂರೂ ತಂತಿ ಮಧ್ಯಾಹ್ನ ಮಾತ್ರ ಸಡಿಲವಾದರೆ ಮೊದಲೇ ಕಡಿಮೆ ಎಳೆದಿದ್ದಾರೆ, ಹತ್ತು ಮಿಲಿಮೀಟರ್ ಬಿಗಿದರೆ ಸರಿಯಾಗುತ್ತದೆ. ಒಂದೇ ಒಂದು ಅಂಕಣ ಜೋಲಿದ್ದರೆ ಮೊದಲು ಅದರ ಎರಡು ಬದಿಯ ಕಂಬಗಳ ಕಟ್ಟು ಬಿಚ್ಚಿ. ಹಿಗ್ಗಿದ ತಂತಿ ಅಕ್ಕಪಕ್ಕಕ್ಕೆ ಜಾರಿದ ಮೇಲೆ ತುದಿಯಿಂದ ಬಿಗಿಯಬಹುದು.